ಉಸಿರು ಕಟ್ಟುವ ರಾತ್ರಿಗೆ ಮುಂಚೆ ಆಡಿಕೊಳ್ಳಬೇಕಾದ ಮಾತು

ಮನೆಯಲ್ಲಿ ಹಳೆಯ ದಮ್ಮಿನ ಕಾಯಿಲೆಯವರು ಒಬ್ಬರಿದ್ದರೆ ಈ ಲೇಖನ ನಿಮಗಾಗಿ. ದಮ್ಮು ಎಂದಾಗ ನಾನು ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಸಿಒಪಿಡಿ ಬಗ್ಗೆ. ಬೀಡಿ ಸಿಗರೇಟಿನಿಂದಲೋ, ಮೂವತ್ತು ನಲವತ್ತು ವರ್ಷ ಒಲೆಯ ಹೊಗೆ ಕುಡಿದೋ ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬಾರದ ಕಾಯಿಲೆ ಅದು. ಶ್ವಾಸಕೋಶವೇ ಗಟ್ಟಿಯಾಗಿ ನಾರುಗಟ್ಟುವ ಐಎಲ್‌ಡಿ ಎಂಬ ಇನ್ನೊಂದು ಕಾಯಿಲೆಯಿದೆ. ಮುಂದೆ ಹೇಳುವ ಬಹುಪಾಲು ಮಾತು ಅದಕ್ಕೂ ಸಲ್ಲುತ್ತದೆ, ವ್ಯತ್ಯಾಸ ಇರುವಲ್ಲಿ ತಿಳಿಸುತ್ತೇನೆ.

ಮುಂಗಡ ಆರೈಕೆಯ ಯೋಜನೆ ಎಂದರೆ ಇಷ್ಟೆ. ಕಾಯಿಲೆ ಬಲಿತು ರೋಗಿಗೆ ಮಾತಾಡಲಾಗದ ಸ್ಥಿತಿ ಬಂದಾಗ ಏನು ಮಾಡಬೇಕು, ಏನು ಮಾಡಬಾರದು, ಅವರ ಪರವಾಗಿ ಯಾರು ಹೇಳಬೇಕು ಎಂಬುದನ್ನು ಅವರು ಚೆನ್ನಾಗಿರುವಾಗಲೇ ಅವರ ಬಾಯಿಂದಲೇ ಕೇಳಿ ಬರೆದಿಡುವುದು. ಇದರಲ್ಲಿ ಎರಡು ಭಾಗ. ಒಂದು ಮಾತುಕತೆ, ಇನ್ನೊಂದು ಕಾಗದ. ಅನೇಕರು ಕಾಗದದಿಂದ ಶುರುಮಾಡುತ್ತಾರೆ. ನನ್ನ ಮಟ್ಟಿಗೆ ಅದು ತಲೆಕೆಳಗು.

ದಮ್ಮಿನವರಿಗೆ ಇದು ಬೇರೆ ಕಾಯಿಲೆಯವರಿಗಿಂತ ಹೆಚ್ಚು ತುರ್ತು. ಅದಕ್ಕೆ ಒಂದು ಖಚಿತ ಕಾರಣವಿದೆ. ಸಿಒಪಿಡಿ ಒಮ್ಮೆಲೇ ಕೆರಳಿದಾಗ ರಕ್ತದಲ್ಲಿ ಆಮ್ಲಜನಕ ಇಳಿಯುವುದಷ್ಟೇ ಅಲ್ಲ, ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೇ ತುಂಬಿಕೊಳ್ಳುತ್ತದೆ. ಅದು ಏರಿದಂತೆ ಮೊದಲು ತಲೆನೋವು, ಆಮೇಲೆ ತೂಕಡಿಕೆ, ಅಸಂಬದ್ಧ ಮಾತು, ಕೈ ಚಾಚಿದರೆ ಅಂಗೈ ಪಟಪಟನೆ ಬಡಿದುಕೊಳ್ಳುವುದು, ಕೊನೆಗೆ ಎಚ್ಚರ ತಪ್ಪುವುದು. ಅಂದರೆ ಕೊಳವೆ ಹಾಕಬೇಕೇ ಬೇಡವೇ ಎಂದು ವೈದ್ಯರು ಕೇಳುವ ಹೊತ್ತಿಗೆ ಸರಿಯಾಗಿ ರೋಗಿ ಉತ್ತರ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ. ಆ ಪ್ರಶ್ನೆ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಮಗನಿಗೋ ಸೊಸೆಗೋ ಬರುತ್ತದೆ. ಉತ್ತರಕ್ಕೆ ಸಿಗುವುದು ಐದೋ ಹತ್ತೋ ನಿಮಿಷ.

ಯಾವಾಗ ಶುರುಮಾಡಬೇಕು? ಕಳೆದ ಒಂದು ವರ್ಷದಲ್ಲಿ ದಮ್ಮು ಕೆರಳಿ ಎರಡು ಸಲ ಆಸ್ಪತ್ರೆ ಸೇರಿದ್ದರೆ, ಒಮ್ಮೆಯಾದರೂ ಬೈಪ್ಯಾಪ್ ಯಂತ್ರ ಬೇಕಾಗಿದ್ದರೆ, ಮನೆಯಲ್ಲಿ ಆಮ್ಲಜನಕ ಹಚ್ಚಿದ್ದರೆ, ಬಟ್ಟೆ ಬದಲಿಸುವಾಗಲೇ ಉಸಿರು ಹತ್ತುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಕಾಲ ಬಂದಿದೆ ಎಂದೇ ತಿಳಿಯಿರಿ. ವೈದ್ಯರು ತಮಗೆ ತಾವೇ ಕೇಳಿಕೊಳ್ಳುವ ಒಂದು ಪ್ರಶ್ನೆಯಿದೆ: ಮುಂದಿನ ಒಂದು ವರ್ಷದೊಳಗೆ ಇವರು ತೀರಿಕೊಂಡರೆ ನನಗೆ ಆಶ್ಚರ್ಯವಾಗುತ್ತದೆಯೇ? ಆಗುವುದಿಲ್ಲ ಎಂಬ ಉತ್ತರ ಬಂದರೆ ಮಾತುಕತೆಗೆ ಕೂರುತ್ತಾರೆ. ನೀವೂ ನಿಮ್ಮ ವೈದ್ಯರನ್ನು ಇದೇ ಪ್ರಶ್ನೆ ಕೇಳಬಹುದು. ದಮ್ಮಿನವರ ವಿಷಯದಲ್ಲಿ ಇಷ್ಟೇ ದಿನ ಎಂದು ಯಾರೂ ಹೇಳಲಾರರು. ಒಮ್ಮೆ ಬಿದ್ದು ಮತ್ತೆ ಎದ್ದು ವರ್ಷಗಟ್ಟಲೆ ಇರುವವರಿದ್ದಾರೆ. ಆದ್ದರಿಂದ ಕೊನೆ ಹತ್ತಿರವಾಗಲಿ ಎಂದು ಕಾಯುತ್ತಾ ಕೂತರೆ ಆ ದಿನ ತಿಳಿಸದೆಯೇ ಬರುತ್ತದೆ.

ಒಂದು ಮನೆಯನ್ನು ಊಹಿಸಿಕೊಂಡು ಮುಂದೆ ಹೋಗೋಣ. ನೀಲಗಿರಿಯ ಮಂಜೂರಿನ ಬಳಿಯ ಒಂದು ಹಟ್ಟಿ. ಎಪ್ಪತ್ತು ದಾಟಿದ ತಾಯಿ. ಚಿಕ್ಕಂದಿನಿಂದ ಸೌದೆ ಒಲೆಯ ಮುಂದೆ ಅಡುಗೆ, ಜೊತೆಗೆ ಚಹಾ ಎಲೆ ಕೀಳುವ ಕೆಲಸ. ಬೀಡಿ ಮುಟ್ಟಿದವರಲ್ಲ, ಆದರೂ ಸಿಒಪಿಡಿ. ದಿನಕ್ಕೆ ಹದಿನಾರು ಗಂಟೆ ಮೂಗಿಗೆ ಆಮ್ಲಜನಕದ ನಳಿಕೆ. ಹೋದ ವರ್ಷ ಎರಡು ಸಲ ಊಟಿಯ ಆಸ್ಪತ್ರೆ, ಎರಡನೆಯ ಸಲ ಮೂರು ದಿನ ಬೈಪ್ಯಾಪ್. ಮಗಳು ಜೊತೆಗಿದ್ದಾಳೆ. ಒಬ್ಬ ಮಗ ಕೊಯಮತ್ತೂರಿನಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ.

ಮಾತಿಗೆ ಕೂರುವ ಹೊತ್ತನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದೊಡನೆ ಕಫ ಕಟ್ಟಿರುತ್ತದೆ, ಸ್ನಾನವಾದ ಮೇಲೆ ದಣಿದಿರುತ್ತಾರೆ. ಔಷಧ ಎಳೆದುಕೊಂಡು ಅರ್ಧ ಗಂಟೆ ಕಳೆದ ಮೇಲೆ, ಆಮ್ಲಜನಕ ಹಚ್ಚಿಕೊಂಡು ಕೂತಿರುವಾಗ ಸರಿ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಉಸಿರು ಕಡಿಮೆ ಇರುವವರು ಒಂದು ಉಸಿರಿಗೆ ಮೂರು ನಾಲ್ಕು ಪದ ಮಾತ್ರ ಆಡಬಲ್ಲರು. ಅವರು ನಿಲ್ಲಿಸಿದ ಕೂಡಲೇ ಮಾತು ಮುಗಿಯಿತೆಂದು ನಾವು ತುಂಬಿಸಲು ಹೋಗುತ್ತೇವೆ, ಅಲ್ಲೇ ತಪ್ಪಾಗುವುದು. ಹತ್ತು ಎಣಿಸುವಷ್ಟು ಸುಮ್ಮನಿರಿ. ಒಂದೇ ದಿನ ಮುಗಿಯಬೇಕೆಂದೂ ಇಲ್ಲ. ಎರಡು ಮೂರು ಸಲ ಕೂತರೆ ಒಳ್ಳೆಯದು.

“ಅವ್ವೆ, ಹೋದ ಸಲ ಆಸ್ಪತ್ರೆಯಲ್ಲಿ ನೀನು ಕಣ್ಣು ಬಿಡದೆ ಇದ್ದಾಗ ಡಾಕ್ಟರ್ ನನ್ನನ್ನು ಏನೇನೋ ಕೇಳಿದರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಮುಂದೆ ಹಾಗಾದರೆ ನಿನ್ನ ಮನಸ್ಸಿನಲ್ಲಿ ಇರುವುದನ್ನೇ ಹೇಳಬೇಕು ಅಂತ ನನಗೆ ಆಸೆ. ಈಗ ಸ್ವಲ್ಪ ಕೇಳಲಾ?”

ಶುರುವಿಗೆ ಇಷ್ಟು ಸಾಕು. ಗಮನಿಸಿ, ಮಗಳು ಸಾವಿನ ಮಾತು ಎತ್ತಲಿಲ್ಲ. ಈಗಾಗಲೇ ನಡೆದದ್ದನ್ನು ಹಿಡಿದುಕೊಂಡು, ಕಷ್ಟ ತನ್ನದು ಎಂದು ಹೇಳಿ, ಅನುಮತಿ ಕೇಳಿದಳು. ತಾಯಿ “ಈಗ ಬೇಡ” ಎಂದರೆ ಅಲ್ಲಿಗೆ ಬಿಡಬೇಕು, “ಮತ್ತೆ ಯಾವಾಗ ಕೇಳಲಿ?” ಎಂದಷ್ಟೇ ಕೇಳಬೇಕು.

ಇಂಥ ಮಾತುಕತೆಗೆ ವೈದ್ಯಕೀಯದಲ್ಲಿ ಸಿದ್ಧ ಕೈಪಿಡಿಗಳಿವೆ. ಅಮೆರಿಕದ ಬಾಸ್ಟನ್ನಿನ ಅರಿಯಾಡ್ನಿ ಲ್ಯಾಬ್ಸ್ ಎಂಬ ಸಂಸ್ಥೆ ರೂಪಿಸಿದ್ದು ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರ ನಡೆ ಹೀಗೆ: ಮೊದಲು ರೋಗಿಗೆ ಏನು ಗೊತ್ತಿದೆ, ಎಷ್ಟು ತಿಳಿಯಲು ಇಷ್ಟ, ಆಮೇಲೆ ಅವರಿಗೆ ಯಾವುದು ಮುಖ್ಯ, ಯಾವುದರ ಭಯ, ಕೊನೆಗೆ ಎಷ್ಟರವರೆಗೆ ಚಿಕಿತ್ಸೆ. ಚಿಕಿತ್ಸೆಯ ಪ್ರಶ್ನೆ ಕೊನೆಗೆ ಬರುವುದು ಸರಿಯೇ. “ವೆಂಟಿಲೇಟರ್ ಬೇಕಾ?” ಎಂದು ಮೊದಲೇ ಕೇಳಿದರೆ ಯಾರಿಗೂ ಉತ್ತರ ತೋಚುವುದಿಲ್ಲ. ಆ ನಡೆಯನ್ನು ನಮ್ಮ ಮಾತಿಗೆ ಇಳಿಸಿದರೆ ಹೀಗೆ ಕೇಳಬಹುದು:

ನಿನ್ನ ಎದೆಯ ಕಾಯಿಲೆ ಹೇಗಿದೆ ಅಂತ ನಿನಗೆ ಅನ್ನಿಸುತ್ತದೆ? ಡಾಕ್ಟರ್ ಹೇಳಿದ್ದೆಲ್ಲ ನಿನಗೂ ಹೇಳಬೇಕಾ, ನನಗೆ ಮಾತ್ರ ಹೇಳಿದರೆ ಸಾಕಾ? ಬರುವ ದಿನಗಳಲ್ಲಿ ಏನು ಮಾಡಬೇಕು ಅಂತ ಆಸೆ ಇದೆ? ಯಾವುದನ್ನು ನೆನೆದರೆ ಹೆದರಿಕೆ? ಎಂಥ ಸ್ಥಿತಿ ಬಂದರೆ ಇದು ಬದುಕೇ ಅಲ್ಲ ಅನ್ನಿಸುತ್ತದೆ? ಇನ್ನೂ ಕೆಲವು ದಿನ ಸಿಗುವುದಾದರೆ ಎಷ್ಟು ಕಷ್ಟ ಸಹಿಸಲು ಸಿದ್ಧ? ನಿನಗೆ ಮಾತಾಡಲು ಆಗದಿದ್ದರೆ ನಿನ್ನ ಪರವಾಗಿ ಯಾರು ಹೇಳಬೇಕು?

ನಮ್ಮ ಉದಾಹರಣೆಯ ತಾಯಿಯ ಉತ್ತರಗಳು ಹೀಗಿದ್ದವು ಎನ್ನೋಣ. ಕಾಯಿಲೆ ವಾಸಿಯಾಗುವುದಿಲ್ಲ ಎಂದು ಗೊತ್ತು. ಹೆತ್ತೆ ಹಬ್ಬಕ್ಕೆ ಮೊಮ್ಮಕ್ಕಳು ಬರುತ್ತಾರೆ, ಅವರ ಜೊತೆ ಇರಬೇಕು. ಭಯ ಇರುವುದು ಸಾವಿಗಲ್ಲ, ಉಸಿರು ಸಿಗದೆ ಒದ್ದಾಡುವುದಕ್ಕೆ. ಬೈಪ್ಯಾಪ್ ಮುಖವಾಡ ಕಷ್ಟವಾಯಿತು, ಆದರೆ ಅದರಿಂದ ಎದ್ದು ಬಂದೆ, ಮತ್ತೆ ಬೇಕಾದರೆ ಹಾಕಲಿ. ಗಂಟಲಿಗೆ ಕೊಳವೆ ಹಾಕಿ ಕೈ ಕಟ್ಟಿ ಮಲಗಿಸುವುದು ಬೇಡ. ಕೊನೆಗೆ ಮಕ್ಕಳ ಮುಖ ಕಾಣಬೇಕು.

ಈ ಉತ್ತರಗಳಿಗೆ ಅರ್ಥ ಬರಬೇಕಾದರೆ ಮುಖವಾಡಕ್ಕೂ ಕೊಳವೆಗೂ ಇರುವ ವ್ಯತ್ಯಾಸ ನಿಮಗೆ ತಿಳಿದಿರಬೇಕು. ಹೆಚ್ಚಿನ ಮನೆಗಳಲ್ಲಿ ಎರಡನ್ನೂ ಸೇರಿಸಿ ‘ಮಿಷನ್ ಹಾಕುವುದು’ ಎನ್ನುತ್ತಾರೆ. “ಮಿಷನ್ ಬೇಡ” ಎಂದು ತಾಯಿ ಹೇಳಿದ್ದನ್ನು ಮಗ ಹಾಗೆಯೇ ವೈದ್ಯರಿಗೆ ಒಪ್ಪಿಸಿದರೆ, ಬದುಕಿಸಬಹುದಾಗಿದ್ದ ಮುಖವಾಡವೂ ಕೈತಪ್ಪಬಹುದು.

ಬೈಪ್ಯಾಪ್ ಎಂದರೆ ಮೂಗು ಬಾಯಿಗೆ ಬಿಗಿಯಾಗಿ ಕೂರುವ ಮುಖವಾಡದ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ. ಉಸಿರು ಎಳೆಯುವಾಗ ಹೆಚ್ಚು ಒತ್ತಡ, ಬಿಡುವಾಗ ಕಡಿಮೆ. ದಣಿದ ಸ್ನಾಯುಗಳ ಕೆಲಸವನ್ನು ಅದು ಹಂಚಿಕೊಳ್ಳುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಅರಿವಳಿಕೆ ಬೇಡ, ನಡುವೆ ತೆಗೆದು ನೀರು ಕುಡಿಸಬಹುದು, ಮಾತಾಡಿಸಬಹುದು. ಸಿಒಪಿಡಿ ಕೆರಳಿ ರಕ್ತ ಆಮ್ಲೀಯವಾದಾಗ ಬೈಪ್ಯಾಪ್ ಸಾವನ್ನು ತಗ್ಗಿಸುತ್ತದೆ, ಕೊಳವೆಯ ಅಗತ್ಯವನ್ನೂ ತಗ್ಗಿಸುತ್ತದೆ. ಇದು ಚೆನ್ನಾಗಿ ಸಾಬೀತಾದ ವಿಷಯ. ನಾರುಗಟ್ಟುವ ಐಎಲ್‌ಡಿಯಲ್ಲಿ ಮಾತ್ರ ಇದರ ಉಪಯೋಗ ಅಷ್ಟಿಲ್ಲ.

ಕೊಳವೆ ಎಂದರೆ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಇಳಿಸುವ ನಳಿಕೆ, ಅದಕ್ಕೆ ಜೋಡಿಸುವುದು ವೆಂಟಿಲೇಟರ್. ರೋಗಿಯನ್ನು ಮಂಪರಿನಲ್ಲಿ ಇಡಬೇಕಾಗುತ್ತದೆ, ಮಾತು ಊಟ ಇರುವುದಿಲ್ಲ. ಸಿಒಪಿಡಿಯವರು ವೆಂಟಿಲೇಟರಿನಿಂದ ಹೊರಬಂದು ಮನೆಗೆ ಹೋದದ್ದೂ ಉಂಟು, ಅದರಲ್ಲೂ ಕೆರಳಲು ನ್ಯುಮೋನಿಯಾದಂಥ ಗುಣವಾಗುವ ಕಾರಣವಿದ್ದಾಗ. ಆದರೆ ಶ್ವಾಸಕೋಶ ತೀರಾ ಸವೆದಿದ್ದರೆ ಯಂತ್ರದಿಂದ ಬಿಡಿಸುವುದೇ ಕಷ್ಟ. ವಾರಗಳಾದರೂ ಬಿಡಿಸಲಾಗದಿದ್ದರೆ ಕತ್ತಿನಲ್ಲಿ ರಂಧ್ರ ಮಾಡುವ ಮಾತು ಬರುತ್ತದೆ. ಬಲಿತ ಐಎಲ್‌ಡಿಯಲ್ಲಿ ವೆಂಟಿಲೇಟರಿನಿಂದ ಹಿಂದಿರುಗುವವರು ಬಹಳ ಕಡಿಮೆ.

ಮೂರನೆಯದು ಸಿಪಿಆರ್, ಅಂದರೆ ಹೃದಯ ನಿಂತಾಗ ಎದೆ ಒತ್ತಿ ಮತ್ತೆ ಓಡಿಸುವ ಪ್ರಯತ್ನ. ಕೊನೆಯ ಹಂತದ ಶ್ವಾಸಕೋಶದ ಕಾಯಿಲೆಯಲ್ಲಿ ಹೃದಯ ನಿಲ್ಲುವುದು ಕಾಯಿಲೆಯ ತುದಿಯಲ್ಲೇ, ಆದ್ದರಿಂದ ಒತ್ತಿ ಓಡಿಸಿದರೂ ಕಾಯಿಲೆ ಅಲ್ಲೇ ಇರುತ್ತದೆ. ಪಕ್ಕೆಲುಬು ಮುರಿಯುವುದುಂಟು, ಆಮೇಲೆ ಹೇಗೂ ಕೊಳವೆ ಬೇಕು. ಆದ್ದರಿಂದ ಕೊಳವೆ ಬೇಡ ಎಂದವರು ಸಿಪಿಆರ್ ಬಗ್ಗೆಯೂ ಸ್ಪಷ್ಟವಾಗಿ ಹೇಳಿಡಬೇಕು. ಒಂದು ಬೇಡ, ಇನ್ನೊಂದು ಬೇಕು ಎಂದು ಬರೆದರೆ ವೈದ್ಯರಿಗೆ ಗೊಂದಲ.

ಬೇಕು ಮತ್ತು ಬೇಡದ ನಡುವೆ ಇನ್ನೊಂದು ದಾರಿಯಿದೆ, ಅದೇ ಅನೇಕರಿಗೆ ಹೊಂದುತ್ತದೆ: ಅವಧಿ ಹಾಕಿ ಮಾಡುವ ಪ್ರಯತ್ನ. ಉದಾಹರಣೆಗೆ, ಬೈಪ್ಯಾಪ್ ಎರಡು ಮೂರು ದಿನ ಹಾಕಿ ನೋಡೋಣ. ಅಷ್ಟರಲ್ಲಿ ಎಚ್ಚರ ಬಂದು ರಕ್ತದ ಪರೀಕ್ಷೆ ಸುಧಾರಿಸಿದರೆ ಮುಂದುವರಿಸೋಣ, ಇಲ್ಲದಿದ್ದರೆ ಮುಖವಾಡ ತೆಗೆದು ಉಸಿರಿನ ಸಂಕಟಕ್ಕೆ ಔಷಧ ಕೊಟ್ಟು ಹಿತವಾಗಿ ನೋಡಿಕೊಳ್ಳೋಣ. ಈ ಅವಧಿಯನ್ನು ಮೊದಲೇ ಒಪ್ಪಿಕೊಂಡಿದ್ದರೆ ನಿಲ್ಲಿಸುವ ಹೊತ್ತಿಗೆ ‘ನಾವೇ ಕೈಬಿಟ್ಟೆವು’ ಎಂಬ ಭಾರ ಮಕ್ಕಳ ಮೇಲೆ ಬೀಳುವುದಿಲ್ಲ.

“ಬೇಡ ಅಂದರೆ ಒದ್ದಾಡಿಸಿ ಬಿಟ್ಟುಬಿಡುತ್ತಾರಾ?” ಈ ಸಂಶಯ ಎಲ್ಲರಿಗೂ ಬರುತ್ತದೆ. ಇಲ್ಲ. ಉಸಿರಿನ ಸಂಕಟಕ್ಕೆ ಬೇರೆಯೇ ಆರೈಕೆಯಿದೆ. ಮುಂದಕ್ಕೆ ಬಾಗಿ ಮೇಜಿನ ಮೇಲೆ ಕೈಯೂರಿ ಕೂರಿಸುವುದು, ಮುಖಕ್ಕೆ ಸಣ್ಣ ಫ್ಯಾನಿನ ತಂಪುಗಾಳಿ ಹಾಯಿಸುವುದು, ಕೊನೆಯ ದಿನಗಳಲ್ಲಿ ವೈದ್ಯರು ಲೆಕ್ಕಹಾಕಿ ಕೊಡುವ ಕಡಿಮೆ ಪ್ರಮಾಣದ ಮಾರ್ಫಿನ್. ಮಾರ್ಫಿನ್ ಎಂದರೆ ಹೆದರುವವರು ಬಹಳ. ಸ್ವಲ್ಪದಿಂದ ಶುರುಮಾಡಿ, ನೋಡಿಕೊಂಡು ಏರಿಸಿದರೆ ಅದು ಉಸಿರಿನ ಹಸಿವನ್ನು ತಣಿಸುತ್ತದೆ. ಮಲಬದ್ಧತೆ ಮಾತ್ರ ಖಂಡಿತ ಬರುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧ ಕೊಡಬೇಕು. ಅನುಮತಿ ಪಡೆದ ಆಸ್ಪತ್ರೆಗಳಲ್ಲಿ ಮಾತ್ರ ಮಾರ್ಫಿನ್ ಸಿಗುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಇದೆಯೇ ಎಂದು ಈಗಲೇ ಕೇಳಿಡಿ.

ಈಗ ಕಾನೂನು. ನಮ್ಮ ದೇಶದಲ್ಲಿ ಇಂಥ ಮುಂಗಡ ಕಾಗದಕ್ಕೆ ಆಧಾರ ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕೊಟ್ಟ ತೀರ್ಪು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಐದು ನ್ಯಾಯಮೂರ್ತಿಗಳ ಪೀಠ ಹೇಳಿತು. ಅಂದಿನ ನಿಯಮಗಳು ತೀರಾ ತೊಡಕಾಗಿದ್ದವು, ಕಾಗದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿ 24ರಂದು ಅದನ್ನು ಸಡಿಲಿಸಲಾಯಿತು. ಈಗ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಿದರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ತೀರ್ಪು ಮಾತ್ರ ಇಡೀ ದೇಶಕ್ಕೆ ಅನ್ವಯ, ನೀಲಗಿರಿಗೂ. ವಿಷ ಕೊಟ್ಟು ಅಥವಾ ಚುಚ್ಚುಮದ್ದಿನಿಂದ ಜೀವ ತೆಗೆಯುವುದು ಮೊದಲಿನಂತೆ ಈಗಲೂ ಅಪರಾಧ. ಇಲ್ಲಿ ಹೇಳುತ್ತಿರುವುದು ಅದಲ್ಲ, ಸಾವನ್ನು ಎಳೆದಾಡುವ ಚಿಕಿತ್ಸೆಯನ್ನು ಬೇಡ ಎನ್ನುವ ಹಕ್ಕು.

ಕಾಗದ ಬರೆಯುವವರು ವಯಸ್ಕರಾಗಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಯಾರ ಒತ್ತಾಯವೂ ಇರಬಾರದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಬೇಕು, ಸಾಕ್ಷಿಗಳು ಆಸ್ತಿಯ ಸಂಬಂಧವಿಲ್ಲದ ಹೊರಗಿನವರಾದರೆ ಒಳ್ಳೆಯದು. ತನ್ನ ಪರವಾಗಿ ಒಪ್ಪಿಗೆ ಕೊಡಬಲ್ಲವರ ಹೆಸರು ಕಾಗದದಲ್ಲಿರಬೇಕು, ಒಬ್ಬರಿಗಿಂತ ಹೆಚ್ಚು ಹೆಸರೂ ಹಾಕಬಹುದು. ಒಂದು ಪ್ರತಿ ಅವರಿಗೆ, ಒಂದು ಮನೆಯ ವೈದ್ಯರಿಗೆ, ಒಂದು ಸ್ಥಳೀಯ ಸಂಸ್ಥೆಗೆ, ಅಂದರೆ ಪಂಚಾಯಿತಿ ಅಥವಾ ನಗರಸಭೆ ಇದಕ್ಕೆಂದು ನೇಮಿಸಿದ ಅಧಿಕಾರಿಗೆ. ಸಣ್ಣ ಊರುಗಳ ಕಚೇರಿಯಲ್ಲಿ ಇದನ್ನು ಕೇಳಿ ತಬ್ಬಿಬ್ಬಾಗುವವರು ಸಿಗಬಹುದು. ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕರಿಸಿದ ಮುದ್ರೆ ಹಾಕಿಸಿಕೊಳ್ಳಿ.

ಇನ್ನು ಒಂದು ಮಿತಿಯನ್ನು ಬಿಚ್ಚಿ ಹೇಳಬೇಕು. ಈ ಕಾಗದ ಕೆಲಸಕ್ಕೆ ಬರುವುದು ಗುಣವಾಗುವ ಆಸೆ ಇಲ್ಲ ಎಂದು ವೈದ್ಯರು ನಿರ್ಧರಿಸಿ, ರೋಗಿಗೆ ನಿರ್ಧಾರಶಕ್ತಿ ಇಲ್ಲದಿದ್ದಾಗ. ಆಗಲೂ ಆಸ್ಪತ್ರೆ ಎರಡು ಮಂಡಳಿಗಳನ್ನು ಕೇಳಬೇಕು. ಮೊದಲನೆಯದರಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು. ಎರಡನೆಯದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಒಬ್ಬರು ಮತ್ತು ಬೇರೆ ಇಬ್ಬರು ತಜ್ಞರು. ಒಂದೊಂದಕ್ಕೂ 48 ಗಂಟೆಯೊಳಗೆ ತೀರ್ಮಾನಿಸಲು ಹೇಳಿದೆ. ಜಾರಿಗೆ ತರುವ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಉಸಿರು ಕಟ್ಟಿದ ರಾತ್ರಿ ಹತ್ತು ನಿಮಿಷದಲ್ಲಿ ಆಗಬೇಕಾದ ತೀರ್ಮಾನಕ್ಕೆ ಈ ದಾರಿ ಹೊಂದುವುದಿಲ್ಲ. ಆ ರಾತ್ರಿ ತುರ್ತು ಕೋಣೆಯ ವೈದ್ಯರು, ಮೊದಲೇ ತಿಳಿದಿರದಿದ್ದರೆ, ಕೊಳವೆ ಹಾಕಿಯೇ ಬಿಡುತ್ತಾರೆ. ಅದು ಅವರ ತಪ್ಪಲ್ಲ. ಆದ್ದರಿಂದ ನೋಟರಿ ಕಾಗದದ ಜೊತೆ ಇನ್ನೊಂದು ಹಾಳೆ ಬೇಕು: ತುರ್ತಿನ ಒಂದು ಪುಟ. ಅದಕ್ಕೆ ನೋಟರಿ ಬೇಡ. ಚಿಕಿತ್ಸೆ ಕೊಡುವ ವೈದ್ಯರು ಓದಿ, ದಿನಾಂಕ ಹಾಕಿ ಸಹಿ ಮಾಡಿ, ತಮ್ಮ ಕಡತದಲ್ಲೂ ಬರೆದುಕೊಂಡಿದ್ದರೆ ಅದಕ್ಕೆ ಬಲ. ಇಂಥ ಹಾಳೆ ವೈದ್ಯರನ್ನು ಕಟ್ಟಿಹಾಕುವುದಿಲ್ಲ, ಅವರಿಗೆ ದಾರಿ ತೋರಿಸುತ್ತದೆ.

ನಮ್ಮ ತಾಯಿಯ ತುರ್ತಿನ ಹಾಳೆ ಹೀಗೆ ಬರಬಹುದು:

“ಕಾಯಿಲೆ: ತೀವ್ರ ಸಿಒಪಿಡಿ. ಮನೆಯಲ್ಲಿ ಆಮ್ಲಜನಕ: ನಿಮಿಷಕ್ಕೆ 2 ಲೀಟರ್. ಆಮ್ಲಜನಕದ ಗುರಿ: 88ರಿಂದ 92, ಇದಕ್ಕಿಂತ ಮೇಲಕ್ಕೆ ಏರಿಸಬೇಡಿ. ಹಿಂದೆ ಇಂಗಾಲದ ಡೈಆಕ್ಸೈಡ್ ಏರಿ ಎಚ್ಚರ ತಪ್ಪಿದ್ದು ಉಂಟು.

ಬೇಕಾದದ್ದು: ನೆಬ್ಯುಲೈಸರ್, ಆ್ಯಂಟಿಬಯಾಟಿಕ್, ಸ್ಟಿರಾಯ್ಡ್, ಆಸ್ಪತ್ರೆ ಸೇರುವುದು, ಬೈಪ್ಯಾಪ್ ಮೂರು ದಿನದವರೆಗೆ, ಆಮೇಲೆ ಮಕ್ಕಳ ಜೊತೆ ಕೂತು ತೀರ್ಮಾನ.

ಬೇಡವಾದದ್ದು: ಗಂಟಲಿಗೆ ಕೊಳವೆ, ವೆಂಟಿಲೇಟರ್, ಸಿಪಿಆರ್.

ಬೈಪ್ಯಾಪ್ ಕೆಲಸ ಮಾಡದಿದ್ದರೆ: ಉಸಿರಿನ ಸಂಕಟಕ್ಕೆ ಮಾರ್ಫಿನ್ ಸಹಿತ ಹಿತದ ಆರೈಕೆ. ಸಾಧ್ಯವಾದರೆ ಮನೆ. ಆಗದಿದ್ದರೆ ವಾರ್ಡಿನಲ್ಲಿ, ಮಕ್ಕಳು ಹತ್ತಿರ.

ನನ್ನ ಪರವಾಗಿ ಮಾತಾಡುವವರು: ಮೊದಲು ಮಗಳು, ಅವಳು ಸಿಗದಿದ್ದರೆ ಹಿರಿಯ ಮಗ. ಇಬ್ಬರ ಫೋನ್ ಸಂಖ್ಯೆ. ನನ್ನ ಸಹಿ ಅಥವಾ ಹೆಬ್ಬೆಟ್ಟು, ವೈದ್ಯರ ಸಹಿ, ದಿನಾಂಕ.”

ಆಮ್ಲಜನಕದ ಗುರಿಯನ್ನು ಬರೆಯಲು ಮರೆಯಬೇಡಿ. ಆತುರದಲ್ಲಿ ಜೋರಾಗಿ ಆಮ್ಲಜನಕ ಕೊಟ್ಟರೆ ಕೆಲವು ಸಿಒಪಿಡಿ ರೋಗಿಗಳಲ್ಲಿ ಇಂಗಾಲದ ಡೈಆಕ್ಸೈಡ್ ಇನ್ನೂ ಏರಿ ಎಚ್ಚರ ತಪ್ಪುತ್ತದೆ. ಹಾಳೆ ಕೈಯಲ್ಲಿದ್ದರೆ ಕೊಳವೆಯ ಪ್ರಶ್ನೆಯೇ ಬಾರದೆ ಇರಬಹುದು. ಐಎಲ್‌ಡಿಯವರಿಗೆ ಈ ಸಂಖ್ಯೆ ಬೇರೆ, ವೈದ್ಯರೇ ಬರೆಯಬೇಕು.

ನಮ್ಮ ಕಡೆಗೆ ಮಾತ್ರ ಸೇರಿದ ಒಂದು ಎಚ್ಚರಿಕೆ. ಮನೆಯಲ್ಲಿ ನಾವು ಬಡಗ, ಕನ್ನಡ ಆಡುತ್ತೇವೆ. ಆಸ್ಪತ್ರೆಯಲ್ಲಿ ಓದುವವರು ತಮಿಳು, ಇಂಗ್ಲಿಷಿನವರು. ತಾಯಿಯ ಮಾತನ್ನು ಅವರದೇ ಭಾಷೆಯಲ್ಲಿ ಬರೆದು ಸಹಿ ಮಾಡಿಸಿ, ತುರ್ತಿನ ಹಾಳೆಯನ್ನು ಮಾತ್ರ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಹಿಂದೆ ಮುಂದೆ ಬರೆಸಿ. ಕನ್ನಡದ ಒಂದೇ ಪ್ರತಿ ಇಟ್ಟುಕೊಂಡು ರಾತ್ರಿ ಎರಡು ಗಂಟೆಗೆ ಹೋದರೆ ಅದನ್ನು ಓದುವವರೇ ಇರುವುದಿಲ್ಲ.

ಹಾಳೆ ಬೀರುವಿನಲ್ಲಿರಬಾರದು. ಒಂದು ಪ್ರತಿ ಮಂಚದ ಪಕ್ಕದ ಗೋಡೆಯ ಮೇಲೆ ಅಥವಾ ಆಮ್ಲಜನಕದ ಯಂತ್ರಕ್ಕೆ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ, ಒಂದರ ಫೋಟೋ ಮೂರೂ ಮಕ್ಕಳ ಫೋನಿನಲ್ಲಿ. 108ರ ಆಂಬುಲೆನ್ಸ್ ಬಂದಾಗ ಮೊದಲು ಅದನ್ನೇ ಕೈಗಿಡಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ದೂರದ ಮಗನಿಂದ. ಕೆಟ್ಟ ಮನಸ್ಸಿನಿಂದಲ್ಲ, ದೂರದಿಂದ ಬಂದವನಿಗೆ ತಾಯಿಯ ಕಳೆದ ಆರು ತಿಂಗಳು ಕಂಡಿರುವುದಿಲ್ಲ. “ಏನಾದರೂ ಮಾಡಿ ಉಳಿಸಿ” ಎಂದು ಅವನು ಅಂದರೆ ವೈದ್ಯರು ಹಾಳೆಯನ್ನು ಪಕ್ಕಕ್ಕಿಡುತ್ತಾರೆ. ಆದ್ದರಿಂದ ಸಹಿಗೆ ಮುಂಚೆ ಫೋನಿನಲ್ಲಿಯಾದರೂ ದೂರದ ಮಕ್ಕಳನ್ನೂ ಕೂರಿಸಿ, ತಾಯಿಯೇ ತನ್ನ ಬಾಯಿಂದ ಎರಡು ಮಾತು ಹೇಳಲಿ. “ತಮ್ಮಾ, ನಾನೇ ಹೇಳಿದ್ದು, ಅಕ್ಕನಲ್ಲ” ಎಂಬ ಒಂದೇ ವಾಕ್ಯ ಸಾಕು. ಆ ಮಾತಿನ ಧ್ವನಿ ಮುದ್ರಿಸಿಟ್ಟುಕೊಂಡರೂ ಚೆನ್ನ. ಅದು ಕಾಗದಕ್ಕೆ ಬದಲಿ ಅಲ್ಲ, ಅಣ್ಣತಮ್ಮಂದಿರ ನಡುವೆ ಮಾತು ಕೆಡದಿರಲು.

ಮನೆಯಲ್ಲೇ ಇರಬೇಕೆಂಬ ಆಸೆ ಬರೆದರೆ ಸಾಲದು, ಬೆಟ್ಟದ ಮನೆ ಅದಕ್ಕೆ ಸಿದ್ಧವಿರಬೇಕು. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು ನಾಲ್ಕನೇ ಒಂದು ಭಾಗ ಕಡಿಮೆ. ಅದಕ್ಕೇ ಕೊಯಮತ್ತೂರಿನಲ್ಲಿ ನಳಿಕೆಯಿಲ್ಲದೆ ಓಡಾಡಿದವರಿಗೆ ಮೇಲೆ ಹತ್ತಿದ ಕೂಡಲೇ ಉಸಿರು ಹತ್ತುತ್ತದೆ. ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಕಾನ್ಸಂಟ್ರೇಟರ್ ಯಂತ್ರ ಕೊಳ್ಳುವಾಗ ಎಷ್ಟು ಮೀಟರ್ ಎತ್ತರದವರೆಗೆ ಅದು ಪೂರ್ತಿ ಕೆಲಸ ಮಾಡುತ್ತದೆ ಎಂದು ಅದರ ಪುಸ್ತಕದಲ್ಲಿ ನೋಡಿ. ಬಯಲಿಗೆಂದು ಮಾಡಿದ ಯಂತ್ರಗಳೂ ಅಂಗಡಿಯಲ್ಲಿ ಇರುತ್ತವೆ.

ಕರೆಂಟು ಹೋದರೆ ಈ ಯಂತ್ರ ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಇಡೀ ದಿನ ಕರೆಂಟಿಲ್ಲದ ದಿನಗಳು ನಮಗೆ ಹೊಸದಲ್ಲ. ಆದ್ದರಿಂದ ಒಂದು ಸಿಲಿಂಡರ್ ಜೊತೆಗಿರಲಿ. ಸಣ್ಣ ಬಿ ಟೈಪ್ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1,500 ಲೀಟರ್ ಆಮ್ಲಜನಕ. ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ತಳದಲ್ಲಿ ಸ್ವಲ್ಪ ಉಳಿಸಬೇಕಾದ್ದರಿಂದ ಹತ್ತು ಗಂಟೆ ಎಂದೇ ಲೆಕ್ಕ ಇಡಿ. ಒಂದು ರಾತ್ರಿ ಕಳೆಯಲು ಸಾಕು. ಮೀಟರನ್ನು 4ಕ್ಕೆ ಏರಿಸಿದರೆ ಅದೇ ಸಿಲಿಂಡರ್ ಅರ್ಧ ರಾತ್ರಿಗೇ ಮುಗಿಯುತ್ತದೆ. ಆಮ್ಲಜನಕ ಹರಿಯುವ ಕೋಣೆಯಲ್ಲಿ ಒಲೆ, ದೀಪ, ಊದುಬತ್ತಿ, ಬೀಡಿ ಯಾವುದೂ ಇರಬಾರದು. ಚಳಿಗೆ ಕೆಂಡದ ಬಟ್ಟಲು ಇಡುವ ರೂಢಿಯಿದ್ದರೆ ಆ ಕೋಣೆಯಿಂದ ದೂರವಿಡಿ.

ಹಿರಿಯರ ಇನ್ನೊಂದು ರೂಢಿಯ ಬಗ್ಗೆ ಕೇಳುವವರಿದ್ದಾರೆ. ಪ್ರಾಣ ಹೋಗುವ ಹೊತ್ತಿಗೆ ತುಪ್ಪದಲ್ಲಿ ಅದ್ದಿದ ವೀರರಾಯ ಹಣವನ್ನು ಬಾಯಿಗೆ ಇಡುವ ಬಡಗರ ಸಂಪ್ರದಾಯವನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಕೊಳವೆ ಬಾಯಲ್ಲಿದ್ದರೆ ಇದು ಸಾಧ್ಯವಿಲ್ಲ. ಅಂಥ ಆಸೆಯಿದ್ದರೆ ಅದನ್ನೂ ಬರೆದಿಡಿ, ಮನೆ ಬೇಕು ಎಂಬುದಕ್ಕೆ ಅದು ದೊಡ್ಡ ಕಾರಣ. ಆದರೆ ಉಸಿರಿಗೆ ಒದ್ದಾಡುವವರಿಗೆ ನಾಣ್ಯ ಗಂಟಲಿಗೆ ಸಿಕ್ಕೀತು, ನಾಲಿಗೆಯ ಮೇಲೆ ತುಪ್ಪ ಸವರಿ ತುಟಿಗೆ ತಾಕಿಸಿ ತೆಗೆದರೆ ಸಾಕು.

ಖರ್ಚು ಹೆಚ್ಚಿಲ್ಲ. ಮಾತುಕತೆಗೆ ಹಣವಿಲ್ಲ. ನೋಟರಿಗೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ, ಗೆಜೆಟೆಡ್ ಅಧಿಕಾರಿ ಮಾಡಿಕೊಟ್ಟರೆ ಅದೂ ಇಲ್ಲ. ಛಾಪಾ ಕಾಗದ ಬೇಕು ಎಂದು ತೀರ್ಪಿನಲ್ಲಿ ಹೇಳಿಲ್ಲ. ಆಸ್ಪತ್ರೆಯ ಖರ್ಚಿಗೆ ತಮಿಳುನಾಡು ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆ ಇರುವ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸರೆ. ಆ ಕಾರ್ಡನ್ನೂ ತುರ್ತಿನ ಹಾಳೆಯ ಜೊತೆಗೇ ಇಡಿ.

ಸಹಾಯ ಎಲ್ಲಿ ಸಿಗುತ್ತದೆ? ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಶುರುಮಾಡಿದ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯಲ್ಲಿ, ಅಂದರೆ ಜನರನ್ನು ಹುಡುಕಿಕೊಂಡು ಬರುವ ವೈದ್ಯಕೀಯದಲ್ಲಿ, ಹಾಸಿಗೆ ಹಿಡಿದವರ ಮನೆಗೆ ಉಪಶಮನ ಆರೈಕೆಯ ನರ್ಸ್ ಬರುತ್ತಾರೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಬೀದಿಗೆ ಬರುವ ಆರೋಗ್ಯ ಕಾರ್ಯಕರ್ತೆಗೆ ಹೆಸರು ಕೊಡಿ. 104ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ. ತಜ್ಞರ ಅಭಿಪ್ರಾಯಕ್ಕೆ ಊಟಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಕಾಗದದ ಮಾದರಿಗಳನ್ನು ತಿರುವನಂತಪುರದ ಪಾಲಿಯಂ ಇಂಡಿಯಾದಂಥ ಉಪಶಮನ ಸಂಸ್ಥೆಗಳಲ್ಲಿ ಕೇಳಬಹುದು. ಮಾದರಿ ಯಾವುದಾದರೂ ಸರಿ, ಕೊಳವೆ ಮತ್ತು ಮುಖವಾಡವನ್ನು ಅದು ಬೇರೆ ಬೇರೆ ಕೇಳುತ್ತದೆಯೇ ಎಂದು ನೋಡಿ. ಕೇಳದಿದ್ದರೆ ನೀವೇ ಒಂದು ಸಾಲು ಸೇರಿಸಿ.

“ಬರೆದ ಮೇಲೆ ಮನಸ್ಸು ಬದಲಾದರೆ?” ಬದಲಿಸಬಹುದು, ಎಷ್ಟು ಸಲ ಬೇಕಾದರೂ. ನೋಟರಿ ಕಾಗದವನ್ನು ರದ್ದು ಮಾಡುವುದೂ ಬರಹದಲ್ಲೇ ಆಗಬೇಕು, ಎರಡು ಕಾಗದ ಇದ್ದರೆ ಕೊನೆಗೆ ಸಹಿ ಮಾಡಿದ್ದು ನಡೆಯುತ್ತದೆ. ಇನ್ನು ರೋಗಿ ಎಚ್ಚರವಾಗಿದ್ದು ತಾವೇ ಹೇಳಬಲ್ಲವರಾಗಿದ್ದರೆ ಆ ಹೊತ್ತಿನ ಅವರ ಮಾತೇ ಅಂತಿಮ, ಕಾಗದ ಏನೇ ಹೇಳಲಿ. ನಮ್ಮ ತಾಯಿ ಹಬ್ಬದ ಹಿಂದಿನ ವಾರ ಕೆರಳಿ ಆಸ್ಪತ್ರೆಗೆ ಹೋಗಿ, “ಈ ಸಲ ಕೊಳವೆಯಾದರೂ ಹಾಕಿ, ಮೊಮ್ಮಕ್ಕಳು ಬರುತ್ತಾರೆ” ಎಂದರೆ ಹಾಕಬೇಕು.

ಪ್ರತಿ ಸಲ ಆಸ್ಪತ್ರೆಯಿಂದ ಮನೆಗೆ ಬಂದು ಎರಡು ವಾರ ಕಳೆದ ಮೇಲೆ ಹಾಳೆಯನ್ನು ತೆಗೆದು ಓದಿ ಹೇಳಿ. “ಇದು ಹೀಗೇ ಇರಲಾ, ಅವ್ವೆ?” ಎಂದು ಕೇಳಿ. ಹೌದೆಂದರೆ ಕೆಳಗೆ ಹೊಸ ದಿನಾಂಕ, ಹೆಬ್ಬೆಟ್ಟು. ಇಲ್ಲವೆಂದರೆ ಹೊಸ ಹಾಳೆ ಬರೆದು, ಗೋಡೆಯ ಮೇಲಿನದನ್ನೂ ವೈದ್ಯರ ಬಳಿ ಇರುವುದನ್ನೂ ಮಕ್ಕಳ ಫೋನಿನಲ್ಲಿರುವುದನ್ನೂ ಅದೇ ದಿನ ತೆಗೆಸಿ ಹಾಕಿ.